ಎರಡು ಹಂತದ ಲಾಗಿನ್ ಕಾಯದ ಬಾಗಿಲು

ಮನೆಯವರೆಲ್ಲರ ಕಡತಗಳನ್ನು ಜಾಲದ ಮೂಲಕ ಹಂಚುವ ನ್ಯಾಸ್ ಪೆಟ್ಟಿಗೆಗೆ ಎರಡು ಹಂತದ ಲಾಗಿನ್ ಹಾಕಿಸಿಕೊಂಡವರಲ್ಲಿ ಹೆಚ್ಚಿನವರು ಇನ್ನು ಭಯವಿಲ್ಲ ಎಂದುಕೊಳ್ಳುತ್ತಾರೆ. ಪಾಸ್‌ವರ್ಡಿನ ಬಳಿಕ ಕೇಳುವ ಆ ಆರಂಕಿಯ ಕೋಡ್ ಕಾಯುವುದು ಬ್ರೌಸರಿನಲ್ಲಿ ತೆರೆಯುವ ನಿರ್ವಹಣಾ ಪುಟವನ್ನು ಮಾತ್ರ. ಲ್ಯಾಪ್‌ಟಾಪಿನಲ್ಲಿ ಡ್ರೈವ್ ಆಗಿ ಕಾಣಿಸುವ ಹಂಚಿಕೆ ಫೋಲ್ಡರ್ ಸಾಮಾನ್ಯವಾಗಿ ಪಾಸ್‌ವರ್ಡ್ ಒಂದನ್ನೇ ಕೇಳುತ್ತದೆ, ಕೋಡ್ ಕೇಳುವುದಿಲ್ಲ. ಆದ್ದರಿಂದ ಯಾರ ಹೆಸರಿನಲ್ಲಿ ಆ ಡ್ರೈವ್ ತೆರೆದಿದೆ ಎಂಬುದನ್ನು ನಾನು ಮೊದಲು ನೋಡುತ್ತೇನೆ.

ಕಲಬುರಗಿಯ ನೆಹರೂ ಗಂಜಿನ ತೊಗರಿ ವ್ಯಾಪಾರಿಯೊಬ್ಬರ ಮನೆಯ ಉದಾಹರಣೆ ಹೇಳುತ್ತೇನೆ. ಎರಡು ಡಿಸ್ಕಿನ ಸಿನಾಲಜಿ ಪೆಟ್ಟಿಗೆ. ಒಂದು ಫೋಲ್ಡರಿನಲ್ಲಿ ಅಂಗಡಿಯ ಲೆಕ್ಕ, ಇನ್ನೊಂದರಲ್ಲಿ ಮನೆಯ ಫೋಟೋಗಳು. ಮಗ ಹೈದರಾಬಾದಿನಲ್ಲಿದ್ದಾನೆ. "ಅಣ್ಣಾ, ಮೊದಲು ಇಲ್ಲಿಂದ ಫೋಟೋ ಕಾಣುವ ಹಾಗೆ ಮಾಡಿಬಿಡಿ, ಖಾತೆಗಳನ್ನು ಆಮೇಲೆ ನೋಡಿದರಾಯಿತು" ಎಂದ. ಆಗುವುದಿಲ್ಲ ಎಂದೆ. ಹೊರಗಿನಿಂದ ಪೆಟ್ಟಿಗೆ ಕಂಡೊಡನೆ ಪಾಸ್‌ವರ್ಡ್ ಊಹಿಸುವ ಯಂತ್ರಗಳು ಬಂದು ತಟ್ಟುತ್ತವೆ. 2019ರಲ್ಲಿ ಹೀಗೆಯೇ admin ಎಂಬ ಹೆಸರಿನ ಮೇಲೆ ಪಾಸ್‌ವರ್ಡುಗಳನ್ನು ಒಂದೊಂದಾಗಿ ಪ್ರಯೋಗಿಸಿ ಇದೇ ಕಂಪನಿಯ ಹಲವು ಪೆಟ್ಟಿಗೆಗಳ ಕಡತಗಳಿಗೆ ಬೀಗ ಜಡಿದು ಹಣ ಕೇಳಿದ್ದರು. ಪೆಟ್ಟಿಗೆ ತಾನಾಗಿ ಹೊರಗೆ ಹೋಗಿ ಅಪ್‌ಡೇಟ್ ತರುವುದರಲ್ಲಿ ಅಂಥ ಅಪಾಯವಿಲ್ಲ. ಹೊರಗಿನವರು ಒಳಗೆ ಬರುವ ದಾರಿ ಮುಚ್ಚಿರಬೇಕು. ಅದಕ್ಕೆ ಸಾಧನಗಳು ತಾವಾಗಿಯೇ ಹೊರಗಿನ ದಾರಿ ತೆರೆಯಲು ಬಿಡುವ UPnP ಸೌಲಭ್ಯವನ್ನು ರೂಟರಿನಲ್ಲಿ ನಿಷ್ಕ್ರಿಯಗೊಳಿಸಿ, ಹೊರಗಿನಿಂದ ಬಂದದ್ದನ್ನು ಒಳಗಿನ ಸಾಧನಕ್ಕೆ ದಾಟಿಸುವ ಪೋರ್ಟ್ ಫಾರ್ವರ್ಡಿಂಗ್ ಪಟ್ಟಿ ಖಾಲಿ ಇದೆಯೇ ಎಂದು ನೋಡಿದೆ.

ಬಳಿಕ ಖಾತೆಗಳು. ನಿರ್ವಹಣೆಗೆ ಊಹಿಸಲಾಗದ ಹೆಸರಿನ ಒಂದು ಖಾತೆ ಮಾಡಿ, admin ಮತ್ತು guest ಎರಡೂ ನಿಷ್ಕ್ರಿಯವಾಗಿವೆ ಎಂದು ಖಚಿತಪಡಿಸಿಕೊಂಡೆ. ತಂದೆಗೆ ಬೇರೆ ಖಾತೆ: ಲೆಕ್ಕ, ಫೋಟೋ ಎರಡರಲ್ಲೂ ಓದಬಹುದು, ಬರೆಯಬಹುದು. ಮಗನ ಖಾತೆಗೆ ಫೋಟೋ ಓದುವ ಹಕ್ಕಷ್ಟೇ. ಲೆಕ್ಕದ ಫೋಲ್ಡರ್ ಅವನಿಗೆ ಕಾಣುವುದೂ ಇಲ್ಲ. "ನನ್ನ ಪೆಟ್ಟಿಗೆಗೆ ನಾನೇ ಯಜಮಾನ ಅಲ್ಲವೇ?" ಎಂದು ಸಾಹುಕಾರರು ಸ್ವಲ್ಪ ಮುನಿದರು. ಕಾರಣ ಹೇಳಿದೆ: ಅವರ ಲ್ಯಾಪ್‌ಟಾಪಿಗೆ ವೈರಸ್ ಹೊಕ್ಕರೆ, ಆ ಹೊತ್ತಿಗೆ ಡ್ರೈವ್ ಯಾವ ಖಾತೆಯಲ್ಲಿ ತೆರೆದಿದೆಯೋ ಆ ಖಾತೆಯ ಹಕ್ಕುಗಳೆಲ್ಲ ವೈರಸ್ಸಿನದಾಗುತ್ತವೆ. ನಿರ್ವಹಣಾ ಖಾತೆಯ ಪಾಸ್‌ವರ್ಡನ್ನು ಲ್ಯಾಪ್‌ಟಾಪ್ ನೆನಪಿಟ್ಟುಕೊಂಡಿದ್ದರೆ ಕೋಡ್ ಇದ್ದೂ ಇಲ್ಲದಂತೆ. ಹೀಗಾಗಿ ಆ ಖಾತೆಗೆ ಎರಡೂ ಫೋಲ್ಡರುಗಳಲ್ಲಿ 'ಪ್ರವೇಶವಿಲ್ಲ' ಎಂದು ಹಾಕಿದೆ. ಅದರಿಂದ ಪುಟಕ್ಕೆ ಲಾಗಿನ್ ಆಗಬಹುದು, ಡ್ರೈವ್ ತೆರೆಯಲಾಗದು. ನಿರ್ವಾಹಕನಾದವನು ಬೇಕೆಂದರೆ ಆ ಹಕ್ಕನ್ನು ಮರಳಿ ಕೊಟ್ಟುಕೊಳ್ಳಬಹುದು ನಿಜ, ಆದರೆ ಅದಕ್ಕೆ ಮೊದಲು ಕೋಡ್ ದಾಟಬೇಕು.

ಎರಡು ಹಂತದ ಲಾಗಿನ್ ಹಾಕುವಾಗ ತೊಡಕು ಬಂತು. ಕ್ಯೂಆರ್ ಚಿತ್ರವನ್ನು ಫೋನಿನ ಆ್ಯಪ್‌ಗೆ ತೋರಿಸಿ, ಬಂದ ಕೋಡ್ ಒತ್ತಿದರೆ ತಪ್ಪು ಎಂದಿತು. ಮತ್ತೊಂದು ಕೋಡ್, ಅದೂ ತಪ್ಪು. ಪೆಟ್ಟಿಗೆಯ ಗಡಿಯಾರ ಮಾತ್ರ ಗೋಡೆಯ ಗಡಿಯಾರಕ್ಕೆ ಸರಿಯಾಗಿಯೇ ಹೊಂದುತ್ತಿತ್ತು. ಕೀಟಲೆ ಇದ್ದದ್ದು ಅಲ್ಲಿಯೇ. ಕೋಡ್ ಹುಟ್ಟುವುದು ಎರಡರಿಂದ: ಕ್ಯೂಆರ್‌ನಲ್ಲಿ ಅಡಗಿರುವ ರಹಸ್ಯ ಕೀ ಮತ್ತು ಆ ಕ್ಷಣದ ಜಾಗತಿಕ ಸಮಯ. ಪ್ರತಿ 30 ಸೆಕೆಂಡಿಗೆ ಅದು ಬದಲಾಗುತ್ತದೆ. ಮೊದಲು ಪೆಟ್ಟಿಗೆ ಹೊಂದಿಸಿದವರು ಸಮಯವಲಯವನ್ನು ಲಂಡನ್ನಿನದಾಗಿಯೇ ಬಿಟ್ಟು, ಮುಳ್ಳುಗಳನ್ನಷ್ಟೇ ಕೈಯಿಂದ ನಮ್ಮ ಸಮಯಕ್ಕೆ ತಿರುಗಿಸಿದ್ದರು. ಹಾಗಾಗಿ ಪೆಟ್ಟಿಗೆಯ ಲೆಕ್ಕದಲ್ಲಿ ಜಾಗತಿಕ ಸಮಯ ಐದೂವರೆ ಗಂಟೆ ಮುಂದಿತ್ತು. ವಲಯವನ್ನು GMT+05:30 ಮಾಡಿ, ಸಮಯವನ್ನು NTP ಸರ್ವರಿನಿಂದ ತಾನೇ ಪಡೆಯುವಂತೆ ಹೊಂದಿಸಿದ ಮೇಲೆ ಕೋಡ್ ಒಪ್ಪಿಗೆಯಾಯಿತು. ಅದೇ ಫೋನಿನಲ್ಲಿ ಇಮೇಲಿನ ಕೋಡ್ ನಡೆದು ಪೆಟ್ಟಿಗೆಯದು ಮಾತ್ರ ನಡೆಯದಿದ್ದರೆ ಪಾಸ್‌ವರ್ಡನ್ನು ಬೈಯುವ ಮೊದಲು ಪೆಟ್ಟಿಗೆಯ ಗಡಿಯಾರವನ್ನು ನೋಡಿ.

ಫೋನ್ ಕಳೆದರೆ ಏನು ಗತಿ ಎಂದು ಅಮ್ಮ ಕೇಳಿದರು. ಆ ದಿನದ ಒಳ್ಳೆಯ ಪ್ರಶ್ನೆ ಅದೇ. ಕ್ಯೂಆರ್ ತೋರಿಸುವಾಗಲೇ ಅದರ ರಹಸ್ಯ ಕೀಯನ್ನು ಕಾಗದದಲ್ಲಿ ಬರೆದು ಅಲ್ಮಾರಿಯಲ್ಲಿ ಇಡಿಸಿದೆ. ಹೊಸ ಫೋನಿಗೆ ಅದನ್ನೇ ಒತ್ತಿದರೆ ಸಾಕು. ಅದೂ ಹೋದರೆ ಪೆಟ್ಟಿಗೆಯ ಹಿಂದಿನ ರೀಸೆಟ್ ಗುಂಡಿಯಿದೆ. ಸುಮಾರು 4 ಸೆಕೆಂಡು, ಒಂದು ಬೀಪ್ ಕೇಳುವವರೆಗೆ ಅದುಮಿದರೆ admin ಖಾತೆಯೂ ಜಾಲದ ಹೊಂದಿಕೆಯೂ ಮೊದಲಿನ ಸ್ಥಿತಿಗೆ ಬರುತ್ತವೆ, ಕಡತಗಳು ಉಳಿಯುತ್ತವೆ. ಇದನ್ನು ಮನೆಗೆ ಬಂದ ಯಾರಾದರೂ ಮಾಡಬಹುದು. ಪಡಸಾಲೆಯ ಟಿವಿ ಪಕ್ಕದಲ್ಲಿದ್ದ ಪೆಟ್ಟಿಗೆಯನ್ನು ಅದಕ್ಕಾಗಿಯೇ ಒಳಕೋಣೆಗೆ ಸಾಗಿಸಿದೆವು.

ಕೊನೆಗೆ ಪರೀಕ್ಷೆ. ಬ್ರೌಸರಿನ ಖಾಸಗಿ ಕಿಟಕಿಯಲ್ಲಿ ನಿರ್ವಹಣಾ ಖಾತೆ ಕೋಡ್ ಕೇಳಿತು. ಡ್ರೈವ್ ತೆರೆಯಲು ಹೋದರೆ ಎರಡೂ ಫೋಲ್ಡರ್ ಅದನ್ನು ಹೊರಗಿಟ್ಟವು. ತಂದೆಯ ಖಾತೆಯಿಂದ ಲೆಕ್ಕ ತೆರೆಯಿತು. ವೈಫೈ ಆಫ್ ಮಾಡಿ ಮೊಬೈಲ್ ಡೇಟಾದಿಂದ ನೋಡಿದಾಗ ಪೆಟ್ಟಿಗೆ ಸಿಗಲೇ ಇಲ್ಲ, ಸಿಗಬಾರದು ಕೂಡ. ಇಷ್ಟಾದ ಮೇಲೆ ಮಗನಿಗೆ ಮನೆಯ ಜಾಲಕ್ಕೆ ಬರುವ ಗುಪ್ತ ಸುರಂಗದಂಥ ವಿಪಿಎನ್ ಮೂಲಕ ದಾರಿ ಕೊಟ್ಟೆ. ಹಂಚಿಕೆ ಫೋಲ್ಡರುಗಳ 445ನೆಯ ಪೋರ್ಟನ್ನು ರೂಟರಿನಲ್ಲಿ ಎಂದಿಗೂ ತೆರೆಯಬೇಡ ಎಂದು ಅವನಿಗೆ ಬೇರೆಯಾಗಿ ಹೇಳಿದೆ, ಏಕೆಂದರೆ ಆ ದಾರಿಯಲ್ಲಿ ಕೋಡ್ ಕೇಳುವವರಿಲ್ಲ.