ಸೆನ್ಸಾರ್ 112 ಅಂದಾಗ ರಕ್ತ 80 ಅಂದಿತು: ತಲಕಾವೇರಿ ಏರಿನಲ್ಲಿ ಕಲಿತ ಲೆಕ್ಕ

ನನಗೆ ಟೈಪ್ 1 ಶುಗರ್. ತೋಳಿನಲ್ಲಿ ಗ್ಲೂಕೋಸ್ ಸೆನ್ಸಾರ್ ಇದೆ, ಮೊಬೈಲ್‌ನಲ್ಲಿ ಅಂಕಿ ಮತ್ತು ಬಾಣದ ಗುರುತು ಬರುತ್ತೆ. ಮಡಿಕೇರಿಯಿಂದ ಭಾಗಮಂಡಲ, ಅಲ್ಲಿಂದ ತಲಕಾವೇರಿಗೆ ಸೈಕಲ್‌ನಲ್ಲಿ ಹೋಗಿಬರೋದು ಈ ವರ್ಷದ ಅಭ್ಯಾಸ. ಸೆನ್ಸಾರ್ ತಡವಾಗಿ ತೋರಿಸುತ್ತೆ ಅನ್ನೋದು ಮೊದಲೇ ಗೊತ್ತಿತ್ತು. ಆದರೆ ಆ ತಡದ ಅರ್ಥವನ್ನೇ ತಪ್ಪಾಗಿ ತಿಳಿದುಕೊಂಡಿದ್ದೆ. ಅದು ಮರೆಯುವ ಮೊದಲು ಬರೆದಿಡುತ್ತಿದ್ದೇನೆ. ಲಾಂಗ್ ರೈಡ್, ಮ್ಯಾರಥಾನ್ ಮಾಡುವವರಿಗೂ ಇದೇ ಲೆಕ್ಕ.

ಸೆನ್ಸಾರ್‌ನ ಎಳೆ ರಕ್ತದಲ್ಲಿ ಇರೋದಿಲ್ಲ. ಚರ್ಮದ ಕೆಳಗೆ, ಜೀವಕೋಶಗಳ ನಡುವಿನ ನೀರಿನಲ್ಲಿ ಇರುತ್ತೆ. ಗ್ಲೂಕೋಸ್ ರಕ್ತದಿಂದ ಆ ನೀರಿಗೆ ದಾಟಲು ಹೊತ್ತು ಬೇಕು. ಅದರ ಮೇಲೆ ಯಂತ್ರವೂ ಅಂಕಿಗಳನ್ನು ಸ್ವಲ್ಪ ಸಮ ಮಾಡಿ ತೋರಿಸುತ್ತೆ. ಸುಮ್ನೆ ಕೂತಿದ್ದಾಗ ಒಟ್ಟು ತಡ 5ರಿಂದ 10 ನಿಮಿಷ. ಶುಗರ್ ಬೇಗ ಬೇಗ ಬದಲಾಗುವ ವ್ಯಾಯಾಮದಲ್ಲಿ ಇನ್ನೂ ಜಾಸ್ತಿ ಆಗಬಹುದು. ನಾನು 12 ನಿಮಿಷ ಅಂತ ಹಿಡಿದುಕೊಳ್ಳುತ್ತೇನೆ.

ನಾನು ಎಡವಿದ ಜಾಗ

ತಡ ಅಂದರೆ ಸೆನ್ಸಾರ್ ಯಾವಾಗಲೂ ಹತ್ತು ಹದಿನೈದು ಅಂಕಿ ಜಾಸ್ತಿ ತೋರಿಸುತ್ತೆ, ಅಷ್ಟನ್ನು ಕಳೆದರೆ ಸಾಕು ಅಂದುಕೊಂಡಿದ್ದೆ. ಅದು ತಪ್ಪು. ತಡ ಇರೋದು ನಿಮಿಷದಲ್ಲಿ. ಅದು ಎಷ್ಟು ಅಂಕಿಯ ವ್ಯತ್ಯಾಸ ಆಗುತ್ತೆ ಅನ್ನೋದು ಶುಗರ್ ಎಷ್ಟು ವೇಗವಾಗಿ ಓಡುತ್ತಿದೆ ಅನ್ನೋದರ ಮೇಲೆ ನಿಂತಿದೆ. ನಿಮಿಷಕ್ಕೆ ಎಷ್ಟು ಇಳಿಯುತ್ತಿದೆಯೋ ಅದನ್ನು 12ರಿಂದ ಗುಣಿಸಬೇಕು. ಶುಗರ್ ನಿಂತಲ್ಲೇ ನಿಂತಿದ್ದರೆ ತಡದಿಂದ ವ್ಯತ್ಯಾಸವೇ ಇಲ್ಲ. ನಿಮಿಷಕ್ಕೆ 1 ಇಳಿದರೆ 12 ಅಂಕಿ. ನಿಮಿಷಕ್ಕೆ 3 ಇಳಿದರೆ 36. ಏರುತ್ತಿದ್ದರೆ ಇದೇ ಲೆಕ್ಕ ತಿರುಗುಮುರುಗು, ಆಗ ರಕ್ತ ಸೆನ್ಸಾರ್‌ಗಿಂತ ಮೇಲಿರುತ್ತೆ.

ಅವತ್ತು ಆಗಿದ್ದು ಹೀಗೆ. ಮಡಿಕೇರಿ ಬಿಟ್ಟಾಗ 148. ಅಪ್ಪಂಗಳ, ಬೆಟ್ಟಗೇರಿ, ಚೇರಂಬಾಣೆ ದಾಟಿ ಭಾಗಮಂಡಲಕ್ಕೆ ಬರುವಾಗ ಹೆಚ್ಚುಕಡಿಮೆ ಅಷ್ಟೇ. ಏರು ಶುರುವಾದ ಮೇಲೆ 8:45ಕ್ಕೆ 134, 8:55ಕ್ಕೆ 112, ಬಾಣ ನೇರ ಕೆಳಗೆ. 112 ಚೆನ್ನಾಗಿದೆ, ಮೇಲೆ ಹೋಗಿ ತಿಂದರಾಯಿತು ಅಂದುಕೊಂಡೆ. ಅಷ್ಟರಲ್ಲಿ ಹ್ಯಾಂಡಲ್ ಹಿಡಿದ ಕೈ ನಡುಗಿತು. ಇಳಿದು ಬೆರಳು ಚುಚ್ಚಿ ನೋಡಿದರೆ 80.

ಈಗ ಲೆಕ್ಕ ಹಾಕಿ. 10 ನಿಮಿಷಕ್ಕೆ 22 ಇಳಿದಿದೆ, ಅಂದರೆ ನಿಮಿಷಕ್ಕೆ 2.2. ಅದನ್ನು 12ರಿಂದ ಗುಣಿಸಿದರೆ ಸುಮಾರು 26. 112ರಲ್ಲಿ 26 ಕಳೆದರೆ 86. ಬೆರಳಿನ 80ಕ್ಕೂ ಇದಕ್ಕೂ ಉಳಿದ 6 ಅಂಕಿ ದೊಡ್ಡ ವಿಷಯ ಅಲ್ಲ, ಸೆನ್ಸಾರ್‌ಗೂ ಗ್ಲೂಕೋಮೀಟರಿಗೂ ತಮ್ಮದೇ ಸಣ್ಣ ತಪ್ಪು ಇದ್ದೇ ಇರುತ್ತೆ. ಆದರೆ 112 ಅಂತ ನಂಬಿ ಇನ್ನೂ ಕಾಲು ಗಂಟೆ ತುಳಿದಿದ್ದರೆ 70ರ ಕೆಳಗೆ ಹೋಗಿಬಿಡುತ್ತಿದ್ದೆ.

ಎರಡನೇ ತಪ್ಪು: ತಿಂದ ಮೇಲೆ

ಇದು ನನ್ನನ್ನು ಇನ್ನೂ ಜಾಸ್ತಿ ಕಾಡಿತು. ಮನೆಯಲ್ಲಿ ತೂಗಿ ಪೊಟ್ಟಣ ಕಟ್ಟಿದ್ದ 20 ಗ್ರಾಂ ಗ್ಲೂಕೋಸ್ ಪುಡಿಯನ್ನು ನೀರಿನಲ್ಲಿ ಕುಡಿದೆ. ಐದು ನಿಮಿಷ ನಿಂತು ಮೆಲ್ಲಗೆ ಮುಂದೆ ಹೋದೆ. ಅಲಾರಂ 80ಕ್ಕೆ ಇಟ್ಟಿದ್ದೆ. 9:10ಕ್ಕೆ ಕೂಗಿತು, ಸೆನ್ಸಾರ್ 79. 9:15ಕ್ಕೆ 73. ಕುಡಿದ ಗ್ಲೂಕೋಸ್ ಕೆಲಸವೇ ಮಾಡಿಲ್ಲ ಅನ್ನಿಸಿ ಇನ್ನೊಂದು ಪೊಟ್ಟಣ, ಒಂದು ಬಾಳೆಹಣ್ಣು, ಮೇಲೆ ತಲುಪಿದ ಮೇಲೆ ಬೆಲ್ಲದ ಕಾಫಿ. 10 ಗಂಟೆಗೆ ಸೆನ್ಸಾರ್ 215, ಬಾಣ ಮೇಲಕ್ಕೆ.

ಗ್ಲೂಕೋಸ್ ಕುಡಿದು ರಕ್ತದಲ್ಲಿ ಕಾಣಲು 10ರಿಂದ 15 ನಿಮಿಷ ಬೇಕು. ಅದು ಸೆನ್ಸಾರ್‌ನಲ್ಲಿ ಕಾಣಲು ಇನ್ನೊಂದು 12. ಅಂದರೆ ಸುಮಾರು 25 ನಿಮಿಷ ಸೆನ್ಸಾರ್ ನಮಗೆ ಹಳೆಯ ಇಳಿತವನ್ನೇ ತೋರಿಸುತ್ತಿರುತ್ತೆ. ಮಳೆಗಾಲದಲ್ಲಿ ಭಾಗಮಂಡಲದ ಸಂಗಮ ನೋಡಿದವರಿಗೆ ಇದು ಬೇಗ ಹೊಳೆಯುತ್ತೆ. ಬೆಟ್ಟದ ಮೇಲೆ ಮಳೆ ನಿಂತಿರುತ್ತೆ, ಕೆಳಗೆ ನೀರು ಏರುತ್ತಲೇ ಇರುತ್ತೆ. ನೀರು ನೋಡಿ ಮೇಲೆ ಇನ್ನೂ ಮಳೆ ಬರ್ತಿದೆ ಅಂತ ಹೇಳೋಕಾಗಲ್ಲ, ಅಲ್ವಾ?

ಮುಂದಿನ ಭಾನುವಾರ ಅದೇ ಏರಿನಲ್ಲಿ ಬೇಕೆಂದೇ ಪರೀಕ್ಷೆ ಮಾಡಿದೆ. 20 ಗ್ರಾಂ ಕುಡಿದು, 20 ನಿಮಿಷ ನಿಂತು, ಬೆರಳು ಚುಚ್ಚಿದೆ. ಸೆನ್ಸಾರ್ 76, ಬೆರಳು 98. ಹಾಗಾಗಿ ಈಗ ನನ್ನ ಕ್ರಮ ಒಂದೇ. ಕಡಿಮೆ ಶುಗರಿಗೆ ಏನಾದರೂ ತಿಂದ ಮೇಲೆ ಎರಡನೇ ಸಲ ತಿನ್ನಬೇಕೋ ಬೇಡವೋ ಅನ್ನೋದನ್ನು 15 ನಿಮಿಷ ಬಿಟ್ಟು ಬೆರಳಿನಿಂದ ತೀರ್ಮಾನಿಸುತ್ತೇನೆ, ಸೆನ್ಸಾರ್‌ನಿಂದ ಅಲ್ಲ. ಬೆರಳಿನಲ್ಲೂ 70ರ ಕೆಳಗಿದ್ದರೆ ಇನ್ನೊಂದು ಪೊಟ್ಟಣ, ತುಳಿಯೋದು ಬಂದ್.

215 ನೋಡಿ ಅಲ್ಲೇ ಇನ್ಸುಲಿನ್ ತಗೊಳ್ಳೋ ಆಸೆ ಆಗಿತ್ತು. ತಗೊಳ್ಳಲಿಲ್ಲ, ಒಳ್ಳೇದಾಯಿತು. ಭಾಗಮಂಡಲದವರೆಗೆ ಇಳಿಜಾರು, ಕಾಲಿಗೆ ಕೆಲಸವಿಲ್ಲ, ಶುಗರ್ ಹಾಗೇ ನಿಂತಿರುತ್ತೆ. ಆಮೇಲೆ ಮಡಿಕೇರಿಗೆ ಏರುವಾಗ ತಾನೇ ಇಳಿಯುತ್ತೆ. ಅದರ ಜೊತೆ ಇನ್ಸುಲಿನ್ನೂ ಸೇರಿದ್ದರೆ ಬೆಟ್ಟಗೇರಿ ಆಸುಪಾಸಿನಲ್ಲಿ ಬೀಳುತ್ತಿದ್ದೆ.

ತಿನ್ನೋದು ಗಡಿಯಾರ ನೋಡಿ

ಈ ತಡದಿಂದಾಗಿ ಅಂಕಿ ಇಳಿದ ಮೇಲೆ ತಿನ್ನೋದು ಯಾವಾಗಲೂ ಲೇಟು. ಈಗ ಪ್ರತಿ 20 ನಿಮಿಷಕ್ಕೆ 10 ಗ್ರಾಂ, ಅಂದರೆ ಗಂಟೆಗೆ 30 ಗ್ರಾಂ ಕಾರ್ಬ್, ಸೆನ್ಸಾರ್ ಏನೇ ಹೇಳಲಿ. ಹೊರಡುವಾಗ 126ರಿಂದ 180ರ ಒಳಗೆ ಇರುವಂತೆ ನೋಡಿಕೊಳ್ಳುತ್ತೇನೆ. ಸೆನ್ಸಾರ್ 120ರ ಕೆಳಗಿದ್ದು ಬಾಣ ನೇರ ಕೆಳಗೆ ಇದ್ದರೆ ಗುಣಾಕಾರಕ್ಕೂ ಕಾಯದೆ 15 ಗ್ರಾಂ ಕುಡಿಯುತ್ತೇನೆ. ನೇರ ಬಾಣ ಅಂದರೆ ನನ್ನ ಸೆನ್ಸಾರ್‌ನಲ್ಲಿ ನಿಮಿಷಕ್ಕೆ 2ಕ್ಕಿಂತ ಜಾಸ್ತಿ ಇಳಿತ. ಇವು ನನ್ನ ಡಾಕ್ಟರ ಜೊತೆ ಕೂತು ಇಟ್ಟುಕೊಂಡ ಅಂಕಿಗಳು. ಇನ್ಸುಲಿನ್ ಪ್ರಮಾಣ ಒಬ್ಬೊಬ್ಬರಿಗೆ ಒಂದೊಂದು ಥರ ಇರೋದರಿಂದ ನಿಮ್ಮ ಅಂಕಿಗಳೂ ಬೇರೆ ಆಗುತ್ತವೆ.

ಶುಗರ್ ಇಲ್ಲದ ಓಟಗಾರರಿಗೆ ಒಂದು ಮಾತು. ನನ್ನ ಗೆಳೆಯನೊಬ್ಬ ಮ್ಯಾರಥಾನಿಗೆ ಸೆನ್ಸಾರ್ ಹಾಕಿಕೊಂಡು, ಅಂಕಿ 95 ಇದೆ, ಹೊಟ್ಟೆಗೆ ಏನೂ ಬೇಡ ಅಂತ ಓಡಿ 30ನೇ ಕಿಲೋಮೀಟರಿನಲ್ಲಿ ಕುಸಿದ. ಲಿವರ್ ರಕ್ತದ ಅಂಕಿಯನ್ನು ಹಿಡಿದು ನಿಲ್ಲಿಸುತ್ತೆ. ಸ್ನಾಯುವಿನಲ್ಲಿ ಕೂಡಿಟ್ಟ ಗ್ಲೈಕೋಜನ್ ಎಷ್ಟು ಉಳಿದಿದೆ ಅನ್ನೋದು ಸೆನ್ಸಾರಿಗೆ ಕಾಣೋದೇ ಇಲ್ಲ. ಅವರಿಗೂ ಗಡಿಯಾರವೇ ಸರಿ, ಗಂಟೆಗೆ 30ರಿಂದ 60 ಗ್ರಾಂ.

ಬೆರಳು ಚುಚ್ಚುವಾಗ

ಬೆರಳನ್ನೇ ಕೊನೇ ಮಾತು ಅಂದುಕೊಂಡಿದ್ದೇವಲ್ಲ, ಅದೂ ಮೋಸ ಮಾಡುತ್ತೆ. ಒಂದು ಸಲ ದಾರಿಬದಿಯಲ್ಲಿ ಕಿತ್ತಳೆ ಸುಲಿದು ತಿಂದು, ಪ್ಯಾಂಟಿಗೆ ಕೈ ಒರೆಸಿ ಚುಚ್ಚಿದೆ. 163. ಬಾಟಲಿ ನೀರಲ್ಲಿ ಕೈ ತೊಳೆದು, ಒಣಗಿಸಿ ಮತ್ತೆ ಚುಚ್ಚಿದೆ. 84. ಬೆರಳ ತುದಿಯಲ್ಲಿ ಉಳಿದ ಹಣ್ಣಿನ ರಸ ಸಾಕು, ಸ್ಟ್ರಿಪ್‌ಗೆ ಅದೂ ಗ್ಲೂಕೋಸೇ. ಸ್ಯಾನಿಟೈಸರ್ ಒರೆಸಿದರೆ ಸಾಲದು, ನೀರೇ ಬೇಕು. ಹಾಗಾಗಿ ಒಂದು ಬಾಟಲಿಯಲ್ಲಿ ಬರೀ ನೀರು ಇಡುತ್ತೇನೆ, ಅದಕ್ಕೆ ಗ್ಲೂಕೋಸ್ ಹಾಕೋದಿಲ್ಲ.

ಚಳಿಯಲ್ಲಿ ಮಂಜಿನೊಳಗೆ ಇಳಿದು ಬಂದರೆ ಬೆರಳು ಬೆಳ್ಳಗಾಗಿ ರಕ್ತವೇ ಬರೋದಿಲ್ಲ, ಮೀಟರ್ ಕೂಡ ತಣ್ಣಗಾಗಿ ಎರರ್ ಕೊಡುತ್ತೆ. ಮೀಟರನ್ನು ಸೈಕಲ್ ಚೀಲದಲ್ಲಿ ಇಡದೆ ಜಾಕೆಟ್ ಒಳಜೇಬಿನಲ್ಲಿ ಇಡಿ. ಚುಚ್ಚುವ ಮೊದಲು ಕೈಯನ್ನು ಕಂಕುಳಲ್ಲಿ ಒಂದೆರಡು ನಿಮಿಷ ಇಟ್ಟುಕೊಂಡರೆ ಹನಿ ಬರುತ್ತೆ.