ಫೋಟೋದಲ್ಲಿರೋ ಬಾರ್ ಗ್ರಾಫ್: ಉತ್ತರ 25 ಅಥವಾ 26.7?

ನಿನ್ನೆ ರಾತ್ರಿ ಸಿಂಧನೂರಿನ ಗೆಳೆಯ ಒಂದು ಪ್ರಶ್ನೆಯ ಫೋಟೋ ಕಳಿಸಿದ. ರಾಯಚೂರಲ್ಲಿ ರೂಮ್ ಮಾಡಿಕೊಂಡು ಓದುತ್ತಿರುವ ನಾವು ನಾಲ್ಕು ಜನ ಕೂತು ಬಿಡಿಸಿದರೆ ಇಬ್ಬರಿಗೆ 25 ಬಂತು, ಇಬ್ಬರಿಗೆ 26.7. ಎಲ್ಲಿ ತಪ್ಪಿತು ಅಂತ ಹುಡುಕಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಗ್ರಾಫ್ ಒಂದು ಮಾರುಕಟ್ಟೆಗೆ ಬಂದ ಹತ್ತಿಯದು, ಸಾವಿರ ಕ್ವಿಂಟಲ್ ಲೆಕ್ಕದಲ್ಲಿ. ಎರಡನೇ ವರ್ಷಕ್ಕಿಂತ ಮೂರನೇ ವರ್ಷ ಶೇಕಡಾ ಎಷ್ಟು ಜಾಸ್ತಿ? ಆಪ್ಷನ್‌ಗಳು 20, 23.3, 25, 26.7.

ಮೊದಲು ಎಡಗಡೆಯ ಅಂಕಿ ನೋಡಿ. ಇಲ್ಲಿ ಅದು 0 ಅಲ್ಲ, 40ರಿಂದ ಶುರುವಾಗುತ್ತದೆ. ಹಾಗಾಗಿ ಕಂಬದ ಉದ್ದಕ್ಕೆ ಉದ್ದ ಹೋಲಿಸಬೇಡಿ, ಕಂಬದ ತಲೆ ಯಾವ ಅಂಕಿಗೆ ನಿಂತಿದೆ ಅನ್ನೋದಷ್ಟೇ ಲೆಕ್ಕ. ಎರಡನೇ ವರ್ಷದ ಕಂಬ ಸರಿಯಾಗಿ 60ರ ಗೆರೆಗೆ ನಿಂತಿದೆ. ಮೂರನೆಯದು 70 ಮತ್ತು 80ರ ನಡುವೆ. ತೊಂದರೆ ಇರೋದು ಇಲ್ಲೇ.

60ರ ಮೇಲೆ 74 ಆದರೆ 23.3, 75 ಆದರೆ 25, 76 ಆದರೆ 26.7. ಬರೀ ಒಂದು ಅಂಕಿ ಆಚೀಚೆಯಾದರೆ ಆಪ್ಷನ್ನೇ ಬದಲಾಗುತ್ತದೆ. 26.7 ಅಂದವರು ಕಂಬದ ತಲೆಯಿಂದ ಎಡಗಡೆಯ ಅಂಕಿಗಳವರೆಗೆ ಸ್ಕ್ರೀನಿಗೆ ಅಡ್ಡವಾಗಿ ಸ್ಕೇಲ್ ಇಟ್ಟಿದ್ದರು. ಆದರೆ ಮೊಬೈಲ್ ಓರೆ ಹಿಡಿದು ತೆಗೆದ ಫೋಟೋ ಅದು, ಹಾಳೆಯೂ ಸ್ವಲ್ಪ ಬಾಗಿತ್ತು, ಗೆರೆಗಳೆಲ್ಲ ಬಲಕ್ಕೆ ಹೋಗ್ತಾ ಮೇಲಕ್ಕೆ ಎದ್ದಿದ್ದವು. ಸ್ಕೇಲ್ ನೇರ ಇದೆ, ಗೆರೆ ಇಲ್ಲ.

ಅದಕ್ಕೆ ಎಡಗಡೆಗೆ ಹೋಗಲೇಬೇಡಿ. ಆ ಕಂಬದ ಪಕ್ಕದಲ್ಲೇ ಹಾದುಹೋಗುವ 70 ಮತ್ತು 80ರ ಗೆರೆಗಳ ನಡುವಿನ ಅಂತರವನ್ನು ಕಂಬದ ಅಂಚಿನ ಓರೆಯಲ್ಲೇ ಅಳೆಯಿರಿ. ನಮಗೆ 16 ಮಿ.ಮೀ. ಸಿಕ್ಕಿತು. 70ರ ಗೆರೆಯಿಂದ ಕಂಬದ ತಲೆಗೆ 8, ಇಲ್ಲಾ 9 ಅನ್ನೋ ಹಾಗೆ ಕಾಣುತ್ತಿತ್ತು. 8 ಆದರೆ 75. 9 ಆದರೆ 75.6, ಅಂದರೆ ಶೇಕಡಾ 26, ಅದು 25ಕ್ಕೂ 26.7ಕ್ಕೂ ನಡುವೆ ಸಿಕ್ಕಿಹಾಕಿಕೊಳ್ಳುತ್ತದೆ! ಇಷ್ಟು ಸಣ್ಣ ಚಿತ್ರದಲ್ಲಿ ಇದು ಇತ್ಯರ್ಥ ಆಗೋದಿಲ್ಲ.

ಆಮೇಲೆ ಆ ಎರಡು ಗೆರೆಗಳ ನಡುವೆ 32 ಮಿ.ಮೀ. ಬರುವವರೆಗೆ ಜೂಮ್ ಮಾಡಿದೆವು. ಈಗ ಗೆರೆಯೂ ದಪ್ಪ ಕಾಣುತ್ತದೆ, ಹಾಗಾಗಿ ಪ್ರತಿ ಸಲ ಗೆರೆಯ ಮೇಲಂಚಿನಿಂದಲೇ ಅಳೆದೆವು. ತಲೆ 16ಕ್ಕೆ ಬಂತು, ಅಂದರೆ 75. ಒಂದು ಮಿ.ಮೀ. ತಪ್ಪಿ 17 ಅಂತ ಓದಿದರೂ 75.3, ಶೇಕಡಾ 25.5 ಆಗುತ್ತದೆ, ಆಗಲೂ 25ರ ಆಪ್ಷನ್ನೇ ಹತ್ತಿರ.

ಲೈನ್ ಗ್ರಾಫ್ ಆದರೂ ಅಳೆಯೋದು ಹೀಗೇ, ಆದರೆ ಚುಕ್ಕೆಯ ತಲೆಗಲ್ಲ, ನಡುಮಧ್ಯಕ್ಕೆ. ಒಂದು ಎಚ್ಚರಿಕೆ: ಹೋಲಿಸಬೇಕಾದ ಎರಡೂ ಕಂಬಗಳು ಗೆರೆಗಳ ನಡುವೆ ನಿಂತಿದ್ದರೆ ಎರಡು ಕಡೆಯ ತಪ್ಪೂ ಸೇರಿಕೊಳ್ಳುತ್ತದೆ. ಆಗ ಜೂಮ್ ಮಾಡಿದರೂ ಫೋಟೋ ಮಸುಕಾಗಿದ್ದರೆ ಸುಮ್ನೆ ಊಹೆ ಮಾಡಬೇಡಿ, ಪುಸ್ತಕವನ್ನು ಚಪ್ಪಟೆ ಇಟ್ಟು ನೇರ ಮೇಲಿಂದ ಇನ್ನೊಂದು ಫೋಟೋ ಕೇಳಿ.