ಚಿಕ್ಕ ಗೋಡೆಯ ಕಡೆಯಿಂದಲೇ ಯಾಕೆ?

ಕೋಲಾರದಲ್ಲಿ ಇಂಟರ್‌ವ್ಯೂಗೆ ತಯಾರಾಗುವ ಹುಡುಗರಿಗೆ ನಾನು ಕೋಡಿಂಗ್ ಹೇಳಿಕೊಡುತ್ತೇನೆ. ಗೋಡೆಗಳ ನಡುವೆ ಎಷ್ಟು ಮಳೆನೀರು ನಿಲ್ಲುತ್ತೆ ಅನ್ನುವ ಲೆಕ್ಕದ ಕೋಡ್ ಹೆಚ್ಚಿನವರಿಗೆ ಬಾಯಿಪಾಠ. ಆದರೆ ‘ಚಿಕ್ಕ ಕಡೆಯ ಪಾಯಿಂಟರನ್ನೇ ಯಾಕಪ್ಪಾ ಸರಿಸಿದೆ?’ ಅಂದರೆ ಉತ್ತರ ಬರಲ್ಲ.

ಕೆರೆಯ ನೀರು ಕೋಡಿ ಮಟ್ಟಕ್ಕಿಂತ ಮೇಲೆ ನಿಲ್ಲಲ್ಲ ಅಲ್ವಾ? ಏರಿ ಎಷ್ಟೇ ಎತ್ತರ ಇರಲಿ, ಮಾತು ನಡೆಯೋದು ಕೋಡಿಯದೇ. ಇಲ್ಲೂ ಅಷ್ಟೇ. ಒಂದು ಜಾಗದ ಎಡಕ್ಕಿರುವ ಅತಿ ಎತ್ತರದ ಗೋಡೆ, ಬಲಕ್ಕಿರುವ ಅತಿ ಎತ್ತರದ ಗೋಡೆ, ಇವೆರಡರಲ್ಲಿ ಗಿಡ್ಡದ್ದು ಯಾವುದೋ ಅಲ್ಲಿವರೆಗೆ ನೀರು. ಕೆಳಗಿನ ಕೋಡ್‌ನಲ್ಲಿ `h` ಅಂದರೆ ಗೋಡೆಗಳ ಎತ್ತರದ ಪಟ್ಟಿ, `l`, `r` ಎರಡು ತುದಿಗಳಿಂದ ಒಳಗೆ ಸರಿಯುವ ಪಾಯಿಂಟರ್‌ಗಳು, `lm`, `rm` ಆಯಾ ಕಡೆ ಈವರೆಗೆ ಸಿಕ್ಕ ಅತಿ ಹೆಚ್ಚು ಎತ್ತರ.

```
l, r = 0, len(h) - 1
lm = rm = total = 0
while l < r:
    if h[l] < h[r]:
        lm = max(lm, h[l])
        total += lm - h[l]
        l += 1
    else:
        rm = max(rm, h[r])
        total += rm - h[r]
        r -= 1
```

`3 0 2 0 4 1 2` ತಗೊಳ್ಳಿ. ಎಡ ತುದಿ 3, ಬಲ ತುದಿ 2. ಬಲ ಚಿಕ್ಕದು, ಅದನ್ನೇ ಒಳಗೆ ಸರಿಸಿ. 1 ಸಿಕ್ಕಿತು, ಅದರ ಮೇಲೆ 2 − 1 = 1 ನೀರು. ಇನ್ನೊಂದು ಹೆಜ್ಜೆಗೆ 4 ಬಂತು. ಈಗ ಎಡದ 3 ಚಿಕ್ಕದಾಯಿತು. ಅಲ್ಲಿಂದ ಒಳಗೆ ಬಂದರೆ 0, 2, 0 ಇವುಗಳ ಮೇಲೆ ಕ್ರಮವಾಗಿ 3, 1, 3. ಒಟ್ಟು 8.

ಆ 1ರ ಹತ್ತಿರ ಸ್ವಲ್ಪ ನಿಲ್ಲಿ. ನಡುವೆ ಏನಿದೆ ಅಂತ ನಾವಿನ್ನೂ ನೋಡೇ ಇಲ್ಲ. 4 ಇರಬಹುದು, 40 ಇರಬಹುದು, ಬರೀ ಸೊನ್ನೆಗಳೇ ಇರಬಹುದು. ಆದರೂ ಎಡಕ್ಕೆ 3 ಅಂತೂ ಇದ್ದೇ ಇದೆ, ಬಲಕ್ಕೆ 2ಕ್ಕಿಂತ ಜಾಸ್ತಿ ಯಾವುದೂ ಇಲ್ಲ. ಹಾಗಾಗಿ ನೀರಿನ ಮಟ್ಟ 2 ಅಂತ ಈಗಲೇ ಖಚಿತ.

ಇದು ಒಂದು ಸಲದ ಅದೃಷ್ಟ ಅಲ್ಲ. ಪ್ರತಿ ಸಲವೂ ಚಿಕ್ಕದು ಸರಿಯುತ್ತೆ, ದೊಡ್ಡದು ಅಲ್ಲೇ ನಿಲ್ಲುತ್ತೆ. ಅದಕ್ಕೇ ಎರಡು ಪಾಯಿಂಟರ್‌ಗಳಲ್ಲಿ ದೊಡ್ಡದು ಯಾವಾಗಲೂ ದಾಟಿ ಬಂದ ಯಾವ ಗೋಡೆಗೂ ಕಮ್ಮಿ ಇರಲ್ಲ. ಚಿಕ್ಕ ಕಡೆ `lm` ಅಥವಾ `rm` ಎಷ್ಟೇ ಇರಲಿ, ಎದುರು ಕಡೆ ಅಷ್ಟು ನೀರು ತಡೆಯುವ ಗೋಡೆ ಇದ್ದೇ ಇರುತ್ತೆ. ಎರಡೂ ಸಮ ಇದ್ದರೆ ಯಾವುದನ್ನು ಸರಿಸಿದರೂ ನಡೆಯುತ್ತೆ. ಕೊನೆಗೆ ಎರಡೂ ಸೇರುವುದು ಅತಿ ಎತ್ತರದ ಗೋಡೆ ಹತ್ತಿರ. ಅದರ ಮೇಲೆ ನೀರು ನಿಲ್ಲಲ್ಲ, ಆದ್ದರಿಂದ `l < r` ಸಾಕು.

ಮೊದಲ ಹೆಜ್ಜೆಗೆ ದೊಡ್ಡ ಕಡೆಯನ್ನು ಸರಿಸಿದರೆ ಏನಾಗುತ್ತೆ? `3 0 2` ಹಾಕಿ ನೋಡಿ. ಎಡದ 3ರಿಂದ ಒಳಗೆ ಬಂದರೆ 0 ಮೇಲೆ 3 ನೀರು ಅಂತ ಕೂಡಿಕೊಳ್ಳುತ್ತೆ. ಬಲಗಡೆ ಇರೋದು 2 ಎತ್ತರದ ಗೋಡೆ, ನಿಜವಾಗಿ ನಿಲ್ಲೋದೂ 2 ಮಾತ್ರ. ಮಜಾ ಅಂದರೆ ಮೇಲಿನ ದೊಡ್ಡ ಉದಾಹರಣೆಯಲ್ಲಿ ಮೊದಲ ಹೆಜ್ಜೆಗೆ ಇದೇ ತಪ್ಪು ಮಾಡಿದರೂ ಆ 0 ಮೇಲೆ 3 ನೀರು ಅಂತ ಸರಿಯಾದ ಲೆಕ್ಕವೇ ಬರುತ್ತೆ, ಯಾಕಂದರೆ ಮುಂದೆಲ್ಲೋ 4 ಕೂತಿದೆ. ಅದಕ್ಕೇ ನಾನು ಕೋಡ್ ನೋಡುವಾಗ ಉದ್ದದ ಪಟ್ಟಿಗಿಂತ ಮೊದಲು ಈ ಮೂರು ಗೋಡೆಗಳನ್ನೇ ಹಾಕೋದು.